OE ನಾ, UE ನಾ? ವಾಷಿಂಗ್ ಮೆಷಿನ್‌ಗೆ ಕನ್ನಡ ಚೀಟಿ ಅಂಟಿಸಿದ ನನ್ನ ಅನುಭವ

ಮೆಷಿನ್ ಇರುವುದು ಗೌರಿಬಿದನೂರಿನಲ್ಲಿ, ನಾನಿರುವುದು ತುಮಕೂರಿನಲ್ಲಿ. ನಮ್ಮ ದೊಡ್ಡಮ್ಮ ಕನ್ನಡ ಪೇಪರ್ ಮೂಲೆ ಮೂಲೆ ಓದುತ್ತಾರೆ, ಇಂಗ್ಲಿಷ್ ಅಕ್ಷರ ಮಾತ್ರ ಬರುವುದಿಲ್ಲ. ಹಾಗಾಗಿ ಪ್ಯಾನೆಲ್ ಫೋಟೋ ವಾಟ್ಸಾಪ್‌ನಲ್ಲಿ ನನಗೆ ಬರುತ್ತೆ, ನಾನು ಕನ್ನಡದಲ್ಲಿ ಚೀಟಿ ಮಾಡಿ ಊರಿಗೆ ಹೋದಾಗ ಅಂಟಿಸಿ ಬರುತ್ತೇನೆ. ಅವರ ಮನೆಯದು ಆದ ಮೇಲೆ ಅವರ ಬೀದಿಯವರದ್ದೂ ಶುರುವಾಯ್ತು. ಎಲ್ಲವೂ ಮೇಲಿಂದ ಬಟ್ಟೆ ಹಾಕುವ ಫುಲ್ಲಿ ಆಟೊಮ್ಯಾಟಿಕ್ ಮೆಷಿನ್‌ಗಳೇ. ಇಲ್ಲಿ ಬರೆಯುತ್ತಿರುವುದು ಅವುಗಳ ಬಗ್ಗೆ ಮಾತ್ರ.

ಮೊದಲು ಫೋಟೋ. ಪ್ಯಾನೆಲ್ ಫಳಫಳ ಹೊಳೆಯುತ್ತೆ, ಫ್ಲ್ಯಾಶ್ ಹಾಕಿದರೆ ಮಧ್ಯದಲ್ಲಿ ಬಿಳಿ ಮಚ್ಚೆ ಬಿದ್ದು ಬೇಕಾದ ಬಟನ್ನೇ ಮಾಯ. ಫ್ಲ್ಯಾಶ್ ಆಫ್ ಮಾಡಿ, ನೇರವಾಗಿ ಮೇಲಿನಿಂದಲ್ಲ, ಸ್ವಲ್ಪ ಪಕ್ಕದಿಂದ ತೆಗೆಯಿರಿ ಅಂತ ಹೇಳುತ್ತೇನೆ. ಇಡೀ ಪ್ಯಾನೆಲ್‌ನದೊಂದು, ಎಡಗಡೆ ಬಲಗಡೆ ಹತ್ತಿರದಿಂದ ಒಂದೊಂದು. ಇನ್ನೊಂದು ಫೋಟೋ ಎಲ್ಲರೂ ಮರೆಯುತ್ತಾರೆ, ಅದೇ ಮೆಷಿನ್ ಹಿಂದೆಯೋ ಪಕ್ಕದಲ್ಲೋ ಇರುವ ಮಾಡೆಲ್ ನಂಬರಿನ ಸ್ಟಿಕ್ಕರ್. ಅದಿಲ್ಲದೆ ನಾನು ಎರರ್ ಕೋಡಿನ ಚೀಟಿ ಮಾಡುವುದೇ ಇಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಬಟನ್‌ಗಳ ವಿಷಯದಲ್ಲಿ ನನ್ನ ಅಭಿಪ್ರಾಯ, ಎಲ್ಲದಕ್ಕೂ ಕನ್ನಡ ಅಂಟಿಸಬೇಡಿ. ದಿನಾ ಮುಟ್ಟುವುದು ಪವರ್, ಸ್ಟಾರ್ಟ್, ಪ್ರೋಗ್ರಾಂ, ನೀರಿನ ಮಟ್ಟ. ಜಾಸ್ತಿ ಅಂದರೆ ವಾಶ್, ರಿನ್ಸ್, ಸ್ಪಿನ್. ಪವರ್, ಸ್ಟಾರ್ಟ್ ಅನ್ನೋದು ಅವರ ಬಾಯಲ್ಲೇ ಇರುವ ಮಾತು, ಅದನ್ನು ಕನ್ನಡ ಲಿಪಿಯಲ್ಲಿ ಬರೆದರೆ ಸಾಕು. ವಾಶ್‌ಗೆ 'ಒಗೆ', ರಿನ್ಸ್‌ಗೆ 'ಜಾಲಿಸು', ಸ್ಪಿನ್‌ಗೆ 'ಹಿಂಡು' ಅಂತ ಹಾಕಿದೆ. ಇಲ್ಲಿ ತೊಡಕು ಇರುವುದು ಹೆಸರಲ್ಲಲ್ಲ, ಅದರ ಪಕ್ಕ ಬರುವ ಅಂಕಿಯಲ್ಲಿ. ಸಾಮಾನ್ಯವಾಗಿ ವಾಶ್ ಪಕ್ಕದ ಅಂಕಿ ನಿಮಿಷ, ಸ್ಪಿನ್ ಪಕ್ಕದ್ದೂ ನಿಮಿಷ, ಆದರೆ ರಿನ್ಸ್ ಪಕ್ಕದ 2 ಅಂದರೆ ಎರಡು ಸಲ. ಬರೀ 'ಜಾಲಿಸು' ಅಂತ ಬರೆದರೆ ಎರಡೇ ನಿಮಿಷ ಜಾಲಿಸುತ್ತೆ ಅಂದುಕೊಂಡು ಅಂಕಿ ಏರಿಸಿಬಿಡುತ್ತಾರೆ, ಒಂದೊಂದು ಸಲಕ್ಕೂ ಮತ್ತೆ ನೀರು ತುಂಬಬೇಕು, ಗೌರಿಬಿದನೂರಿನಲ್ಲಿ ಬೇಸಿಗೆಯಲ್ಲಿ ಅಷ್ಟು ನೀರು ಎಲ್ಲಿಂದ ಬರಬೇಕು? ಅದಕ್ಕೇ 'ಎಷ್ಟು ಸಲ ಜಾಲಿಸಬೇಕು' ಅಂತ ಉದ್ದಕ್ಕೇ ಬರೆದೆ.

ಪ್ರೋಗ್ರಾಂಗಳಲ್ಲಿ ಎರಡನ್ನು ಮಾತ್ರ ಹೇಳುತ್ತೇನೆ. ಫಜ್ಜಿ ಅಂತ ಇರುವುದಕ್ಕೆ 'ಮಾಮೂಲಿ' ಅಂತ ಹಾಕಿದೆ. ಅದರಲ್ಲಿ ಮೆಷಿನ್ ನೀರು ಬಿಡುವುದಕ್ಕೆ ಮುಂಚೆ ಒಣ ಬಟ್ಟೆಯನ್ನು ಆಚೆ ಈಚೆ ತಿರುಗಿಸಿ ಎಷ್ಟು ಭಾರ ಇದೆ ಅಂತ ಅಂದಾಜು ಮಾಡಿ, ನೀರಿನ ಮಟ್ಟ ತಾನೇ ಹಾಕಿಕೊಳ್ಳುತ್ತೆ. ಆದ್ದರಿಂದ ಚೀಟಿಯಲ್ಲಿ 'ಬಟ್ಟೆ ಹಾಕಿದ ಮೇಲೆ ಸ್ಟಾರ್ಟ್' ಅಂತಲೂ ಸೇರಿಸಿದೆ. ಇನ್ನೊಂದು ಡೆಲಿಕೇಟ್. ಅದನ್ನು 'ತೆಳು ಬಟ್ಟೆ' ಅಂತ ಬರೆದೆ, 'ನಾಜೂಕು' ಅಂತ ಬರೆಯಲಿಲ್ಲ. ಶಿಡ್ಲಘಟ್ಟದ ರೇಷ್ಮೆ ಸೀಮೆಯ ಹೆಂಗಸರಿಗೆ ನಾಜೂಕು ಅಂದ ತಕ್ಷಣ ರೇಷ್ಮೆ ಸೀರೆಯೇ ಕಣ್ಣಮುಂದೆ ಬರುತ್ತೆ, ಅದು ಮೆಷಿನ್ ಒಳಗೆ ಹೋದರೆ ಮುಗೀತು ಕಥೆ.

ಈಗ ಎರರ್ ಕೋಡ್. ಕೆಲಸ ಜಾಸ್ತಿ ಇರುವುದು ಇಲ್ಲೇ.

ಮೆಷಿನ್‌ನ ಅಂಕಿ ತೋರಿಸುವ ಜಾಗದಲ್ಲಿ ಒಂದೊಂದು ಅಕ್ಷರವೂ ಏಳು ಸಣ್ಣ ಗೆರೆಗಳಿಂದ ಆಗಿರುತ್ತೆ. ಅಷ್ಟರಲ್ಲೇ ಇಂಗ್ಲಿಷ್ ಅಕ್ಷರವನ್ನೂ ಮಾಡಬೇಕು. ಹಾಗಾಗಿ O ಅನ್ನುವುದೂ ಸೊನ್ನೆ ಅನ್ನುವುದೂ ಒಂದೇ ಥರ, S ಮತ್ತು 5 ಒಂದೇ ಥರ, I ಮತ್ತು 1 ಒಂದೇ ಥರ. O ಗೂ U ಗೂ ಇರುವ ವ್ಯತ್ಯಾಸ ಮೇಲಿನ ಒಂದೇ ಒಂದು ಅಡ್ಡಗೆರೆ. ಆ ಗೆರೆಯನ್ನು ಫೋಟೋ ನುಂಗಿಬಿಡಬಹುದು. ಆ ದೀಪಗಳು ಒಂದೇ ಸಮ ಉರಿಯುವುದಿಲ್ಲ, ಕಣ್ಣಿಗೆ ಗೊತ್ತಾಗದಷ್ಟು ಬೇಗ ಆರಿ ಹತ್ತುತ್ತಿರುತ್ತವೆ. ಫೋನಿನ ಕ್ಯಾಮೆರಾ ಚಿತ್ರವನ್ನು ಸಾಲು ಸಾಲಾಗಿ ತೆಗೆಯುತ್ತೆ, ದೀಪ ಆರಿದ ಹೊತ್ತಿನಲ್ಲಿ ತೆಗೆದ ಸಾಲು ಕಪ್ಪಾಗಿ ಬರುತ್ತೆ. ಬಿಸಿಲಿಗೆ ತೆರೆದ ಜಾಗದಲ್ಲಿ ಇದು ಇನ್ನೂ ಜಾಸ್ತಿ, ಯಾಕಂದರೆ ಬೆಳಕು ಹೆಚ್ಚಿದ್ದಷ್ಟೂ ಕ್ಯಾಮೆರಾ ಕಡಿಮೆ ಹೊತ್ತು ಕಣ್ಣು ತೆರೆಯುತ್ತೆ.

ಹೋದ ಬೇಸಿಗೆಯಲ್ಲಿ ದೊಡ್ಡಮ್ಮನಿಂದ ಇಂಥದ್ದೇ ಒಂದು ಫೋಟೋ ಬಂತು. ಹಿತ್ತಲ ಕಡೆ ಮೆಷಿನ್, ಬೆಳಗಿನ ಬಿಸಿಲು, ಫೋಟೋದಲ್ಲಿ ಕಾಣುತ್ತಿದ್ದದ್ದು UE. ಅವರ ಮೆಷಿನ್ನಿನಲ್ಲಿ UE ಅಂದರೆ ಬಟ್ಟೆ ಎಲ್ಲ ಒಂದೇ ಕಡೆ ಗುಡ್ಡೆಯಾಗಿದೆ, ಸಮವಾಗಿ ತಿರುಗುತ್ತಿಲ್ಲ ಅಂತ. OE ಅಂದರೆ ಒಳಗಿನ ನೀರು ಹೊರಗೆ ಹೋಗುತ್ತಿಲ್ಲ. ಎರಡೂ ಹಿಂಡುವ ಹೊತ್ತಿಗೇ ಬರುವುದರಿಂದ ಮೆಷಿನ್ ಯಾವಾಗ ನಿಂತಿತು ಅನ್ನುವುದರಿಂದ ಗೊತ್ತಾಗುವುದಿಲ್ಲ. ಆದರೆ ಒಳಗೆ ನೋಡಿದರೆ ಗೊತ್ತಾಗುತ್ತೆ. UE ಬಂದಾಗ ನೀರು ಆಗಲೇ ಇಳಿದಿರುತ್ತೆ, ಸಮ ಮಾಡಿಕೊಳ್ಳುವುದಕ್ಕೆ ತಾನೇ ಮತ್ತೆ ನೀರು ತುಂಬಿಕೊಳ್ಳುವ ಮಾದರಿಗಳನ್ನು ಬಿಟ್ಟರೆ. OE ಆದರೆ ನೀರು ನಿಂತೇ ಇರುತ್ತೆ.

"ದೊಡ್ಡಮ್ಮ, ಒಳಗೆ ನೀರು ಇದೆಯಾ?" ಅಂದೆ.

"ತಳದಲ್ಲಿ ನಿಂತೈತೆ ಕಣೋ. ಬಟ್ಟೆ ಎಲ್ಲ ಸಮವಾಗೇ ಹರಡಿಕೊಂಡೈತೆ."

ಹಾಗಾದರೆ UE ಇರಲಾರದು. ಆ ಅಕ್ಷರದ ತಲೆ ಮೇಲೆ ಅಡ್ಡಗೆರೆ ಉರಿಯುತ್ತಾ ಇದೆಯಾ, ಫೋನ್ ಪಕ್ಕಕ್ಕಿಟ್ಟು ಕಣ್ಣಲ್ಲೇ ನೋಡು ಅಂದೆ. "ಐತಲ್ಲ, ಸೊನ್ನೆ ಥರಾನೇ ಐತೆ" ಅಂದರು. ಆಮೇಲೆ ಐದು ಸೆಕೆಂಡಿನ ವಿಡಿಯೋ ಕಳಿಸಿದರು. ವಿಡಿಯೋದಲ್ಲಿ ಆ ಕಪ್ಪು ಪಟ್ಟಿ ಒಂದೇ ಕಡೆ ನಿಲ್ಲುವುದಿಲ್ಲ, ಸರಿಯುತ್ತಾ ಹೋಗುತ್ತೆ, ನಿಲ್ಲಿಸಿ ನಿಲ್ಲಿಸಿ ನೋಡಿದರೆ ಏಳು ಗೆರೆಗಳಲ್ಲಿ ಯಾವ್ಯಾವುದು ಉರಿಯುತ್ತಿದೆ ಅಂತ ತಿಳಿಯುತ್ತೆ. OE ನೇ. ಆವತ್ತಿನಿಂದ ಕೋಡಿಗೆ ನಾನು ಫೋಟೋ ಕೇಳುವುದಿಲ್ಲ, ವಿಡಿಯೋನೇ ಕೇಳುತ್ತೇನೆ.

ಸರಿ, ನೀರು ಯಾಕೆ ಹೋಗುತ್ತಿಲ್ಲ? ಪೈಪಿನ ತುದಿ ಎಲ್ಲಿದೆ ಅಂತ ಕೇಳಿದೆ. ಬಕೆಟ್‌ನಲ್ಲಿ. ಕೊನೆಯ ಸಲ ಜಾಲಿಸಿದ ನೀರನ್ನು ಹಿಡಿದಿಟ್ಟು ಬಚ್ಚಲು ತೊಳೆಯೋಕೆ, ಕಕ್ಕಸಿಗೆ ಹಾಕೋಕೆ ಇಟ್ಟುಕೊಳ್ಳುತ್ತಾರೆ, ಬೋರ್‌ವೆಲ್ ನೀರು ನಂಬಿದ ಊರಲ್ಲಿ ಇದು ಎಲ್ಲರೂ ಮಾಡುವುದೇ. ಆದರೆ ಅವರ ಮೆಷಿನ್ನಿಗೆ ನೀರು ಎತ್ತಿ ಹಾಕುವ ಪಂಪ್ ಇಲ್ಲ. ತಳದ ಬಾಗಿಲು ತೆರೆದುಕೊಂಡು ನೀರು ತನ್ನ ಭಾರಕ್ಕೆ ತಾನೇ ಇಳಿದು ಹೋಗಬೇಕು. ಪೈಪು ಬಕೆಟ್ಟಿನ ಬಾಯಿ ಹತ್ತಿ ಇಳಿದಾಗ, ಒಳಗಿನ ನೀರು ಬಕೆಟ್ಟಿನ ಬಾಯಿಯ ಎತ್ತರಕ್ಕೆ ಬರುವವರೆಗೆ ಹರಿಯುತ್ತೆ, ಆಮೇಲೆ ನಿಲ್ಲುತ್ತೆ. ಒಳಗೆ ಇನ್ನೂ ನೀರಿದೆ ಅಂತ ಮೆಷಿನ್‌ಗೆ ಗೊತ್ತು. ಕಾದು ಕಾದು ಸಾಕಾಗಿ OE ತೋರಿಸುತ್ತೆ. ಪೈಪನ್ನು ನೆಲಕ್ಕೆ ಇಳಿಸಿ, ಪವರ್ ಆಫ್ ಮಾಡಿ ಆನ್ ಮಾಡಿ, 'ಹಿಂಡು' ಒಂದನ್ನೇ ಇಟ್ಟು ಸ್ಟಾರ್ಟ್ ಒತ್ತಿದ ಮೇಲೆ ಉಳಿದ ನೀರು ಹೋಗಿ ಬಟ್ಟೆ ಹಿಂಡಿತು.

ನೀರು ಬಿಟ್ಟುಬಿಡೋಕೆ ದೊಡ್ಡಮ್ಮ ಒಪ್ಪಲಿಲ್ಲ, ಸರಿಯೇ ಅದು. ಬಚ್ಚಲು ಒಂದು ಮೆಟ್ಟಿಲು ಕೆಳಗಿದೆ, ಅಲ್ಲಿ ಗಿಡ್ಡನೆಯ ಅಗಲ ಟಬ್ ಇಟ್ಟು ಪೈಪನ್ನು ಎಲ್ಲೂ ಮೇಲೇಳದ ಹಾಗೆ ಬಿಟ್ಟೆವು. ಟಬ್ ತುಂಬಿದರೆ ನೀರು ಹೊರಗೆ ಚೆಲ್ಲಿ ಬಚ್ಚಲ ತೂತಿಗೆ ಹೋಗುತ್ತೆ, ಮೆಷಿನ್ ಮಾತ್ರ ನಿಲ್ಲುವುದಿಲ್ಲ.

ಈ ಕೋಡಿಗೆ ನಾನು ಬರೆದ ಚೀಟಿ ಹೀಗಿದೆ: 'OE (ಸೊನ್ನೆ, ತಲೆಯ ಮೇಲೆ ಗೆರೆ ಇದೆ): ನೀರು ಹೊರಗೆ ಹೋಗುತ್ತಿಲ್ಲ. ಪೈಪು ಮಡಚಿದೆಯಾ, ಎಲ್ಲಾದರೂ ಮೇಲೆದ್ದಿದೆಯಾ, ತುದಿ ನೀರಲ್ಲಿ ಮುಳುಗಿದೆಯಾ ನೋಡಿ.' ಅದರ ಕೆಳಗೆ 'UE (ತಲೆಯ ಮೇಲೆ ಗೆರೆ ಇಲ್ಲ): ಬಟ್ಟೆ ಒಂದೇ ಕಡೆ ಇದೆ. ಬಿಡಿಸಿ ಹರಡಿ, ಮುಚ್ಚಳ ಹಾಕಿ, ಸ್ಟಾರ್ಟ್ ಒತ್ತಿ.' ಕೋಡಿನ ಅರ್ಥ ಹೇಳಿದರೆ ಅರ್ಧ ಕೆಲಸ, ಯಾವ ಕಡೆ ಕೈ ಹಾಕಬೇಕು ಅಂತ ಬರೆದರೇನೇ ಚೀಟಿಗೆ ಬೆಲೆ.

ಮಾಡೆಲ್ ನಂಬರ್ ಯಾಕೆ ಬೇಕು ಅಂದೆನಲ್ಲ, ಒಂದೇ ಕೋಡ್ ಎಲ್ಲ ಕಂಪನಿಗೂ ಒಂದೇ ಅಲ್ಲ. ನೀರು ಒಳಗೆ ಬರುತ್ತಿಲ್ಲ ಅನ್ನುವುದಕ್ಕೆ ಎಲ್‌ಜಿಯಲ್ಲಿ IE, ಸ್ಯಾಮ್‌ಸಂಗ್‌ನಲ್ಲಿ 4C ಅಥವಾ ಹಳೆಯದಾದರೆ 4E. ನೀರು ಹೊರಗೆ ಹೋಗುತ್ತಿಲ್ಲ ಅನ್ನುವುದಕ್ಕೆ ಎಲ್‌ಜಿಯಲ್ಲಿ OE, ಸ್ಯಾಮ್‌ಸಂಗ್‌ನಲ್ಲಿ 5C ಅಥವಾ 5E, ಅದು ನೋಡೋಕೆ SE ಥರ ಇರುತ್ತೆ. LE ಇನ್ನೂ ಮೋಸ. ಎಲ್‌ಜಿಯಲ್ಲಿ ಅದು ಮೋಟರ್ ತಿರುಗುವ ತೊಂದರೆ, ಸ್ಯಾಮ್‌ಸಂಗ್‌ನ ಹಲವು ಮಾದರಿಗಳಲ್ಲಿ ನೀರು ಸೋರಿಕೆ. ಒಂದು ಮನೆಯ ಚೀಟಿಯನ್ನು ಪಕ್ಕದ ಮನೆಗೆ ಝೆರಾಕ್ಸ್ ಮಾಡಿ ಕೊಡಬಾರದು. ಆ ಮಾಡೆಲ್‌ನ ಮ್ಯಾನ್ಯುಯಲ್ ತೆಗೆದು ನೋಡಿಯೇ ಬರೆಯಬೇಕು.

CL ಬಂದರೆ ಗಾಬರಿ ಬೇಡ, ಅದು ಎರರ್ ಅಲ್ಲ. ಮಕ್ಕಳು ಒತ್ತಬಾರದು ಅಂತ ಇರುವ ಚೈಲ್ಡ್ ಲಾಕ್ ಬಿದ್ದಿದೆ ಅಷ್ಟೇ. ಯಾವ ಬಟನ್ ಒತ್ತಿ ಹಿಡಿದರೆ ಬಿಡುತ್ತೆ ಅಂತ ಪ್ಯಾನೆಲ್ ಮೇಲೇ ಬೀಗದ ಗುರುತು ಇರುತ್ತೆ, ನಾನು ಅಲ್ಲಿಗೆ ಉಗುರುಬಣ್ಣದ ಒಂದು ಚುಕ್ಕೆ ಇಟ್ಟಿದ್ದೇನೆ. ಇಷ್ಟಕ್ಕೇ ಮೆಕ್ಯಾನಿಕ್ ಕರೆಸಿ ದುಡ್ಡು ಕೊಟ್ಟವರು ಆ ಬೀದಿಯಲ್ಲೇ ಇದ್ದಾರೆ.

ನೀರು ಬರುತ್ತಿಲ್ಲ ಅನ್ನುವ ಕೋಡಿಗೆ ಚೀಟಿಯಲ್ಲಿ ಮೊದಲ ಸಾಲು 'ನಲ್ಲಿ ತಿರುಗಿಸಿದ್ದೀರಾ, ಟ್ಯಾಂಕಲ್ಲಿ ನೀರಿದೆಯಾ'. ಎರಡನೇ ಸಾಲು ಜಾಲರಿ. ಮೆಷಿನ್‌ಗೆ ನೀರಿನ ಪೈಪು ಸೇರುವ ಕಡೆ ಒಳಗೆ ಸಣ್ಣ ಪ್ಲಾಸ್ಟಿಕ್ ಜಾಲರಿ ಇರುತ್ತೆ. ಬೋರ್‌ವೆಲ್ಲಿನ ಗಡಸು ನೀರಿಗೆ ಅದರ ಮೇಲೆ ಬಿಳಿ ಉಪ್ಪು ಕಟ್ಟುತ್ತೆ, ಜೊತೆಗೆ ಟ್ಯಾಂಕಿನ ಮರಳು. ಪ್ಲಗ್ ಕಿತ್ತು, ನಲ್ಲಿ ನಿಲ್ಲಿಸಿ, ಪೈಪು ಬಿಚ್ಚಿ, ಇಕ್ಕಳದಲ್ಲಿ ನಿಧಾನಕ್ಕೆ ಎಳೆದರೆ ಬರುತ್ತೆ. ನಿಂಬೆರಸದ ನೀರಲ್ಲಿ ನೆನೆಸಿಟ್ಟು ಹಳೇ ಹಲ್ಲುಜ್ಜುವ ಬ್ರಷ್‌ನಲ್ಲಿ ಉಜ್ಜಿ ವಾಪಸ್ ಹಾಕುವುದು. ಜಾಲರಿ ಇಲ್ಲದೆ ಪೈಪು ಕೂರಿಸಬೇಡಿ, ಮರಳು ಒಳಗಿನ ವಾಲ್ವಿಗೆ ಹೋಗಿ ಕೂತರೆ ನೀರು ನಿಲ್ಲುವುದೇ ಇಲ್ಲ.

ಉಳಿದ ಕೋಡುಗಳಿಗೆ, ಅಂದರೆ ಮೋಟರ್, ಸೆನ್ಸರ್ ಅಂತ ಮ್ಯಾನ್ಯುಯಲ್‌ನಲ್ಲಿ ಬರೆದಿರುವುದಕ್ಕೆಲ್ಲ, ಒಂದೇ ಸಾಲು: 'ಪ್ಲಗ್ ಕೀಳಿ, ನಲ್ಲಿ ನಿಲ್ಲಿಸಿ, ಮೆಕ್ಯಾನಿಕ್‌ಗೆ ಫೋನ್ ಮಾಡಿ.' ಅದಕ್ಕಿಂತ ಜಾಸ್ತಿ ಬರೆದರೆ ಯಾರಾದರೂ ಸ್ಕ್ರೂಡ್ರೈವರ್ ಹಿಡಿದುಕೊಂಡು ಕೂರುತ್ತಾರೆ.

ಅಂಟಿಸುವಾಗ ಕಾಗದಕ್ಕಿಂತ ಪಾರದರ್ಶಕ ಟೇಪು ನಾಲ್ಕೂ ಕಡೆ ಸ್ವಲ್ಪ ಹೊರಗೆ ಬರಬೇಕು, ಇಲ್ಲದಿದ್ದರೆ ಒದ್ದೆ ಕೈ ತಾಗಿ ಅಂಚಿನಿಂದ ನೀರು ಇಳಿದು ಅಕ್ಷರ ಕಲೆಸಿಹೋಗುತ್ತೆ. ಬಟನ್ ಮೇಲೆ ಅಂಟಿಸಬೇಡಿ, ಅದರ ಕೆಳಗೆ ಅಂಟಿಸಿ. ಕೋಡಿನ ಚೀಟಿಯನ್ನು ಮುಚ್ಚಳದ ಒಳಗಡೆ ಹಾಕಿದರೆ ತೇವಕ್ಕೆ ಸುಲಿದು ಬರುತ್ತೆ. ನಾನು ಮೆಷಿನ್ ಹಿಂದಿನ ಗೋಡೆಗೆ ಹಾಕಿದ್ದೇನೆ, ದೊಡ್ಡಮ್ಮ ಕನ್ನಡಕ ಹಾಕದೆ ಓದುವಷ್ಟು ದಪ್ಪ ಅಕ್ಷರದಲ್ಲಿ.