ಸ್ಟಾಕ್ ಕೊರತೆಯೆಲ್ಲ ಕಳ್ಳತನವಲ್ಲ: ನಾನು ಬಿಡಿಸಿ ನೋಡಿದ್ದು ಹೀಗೆ

ಎಣಿಕೆಯಲ್ಲಿ ಮಾಲು ಕಡಿಮೆ ಬಿದ್ದಾಗಲೆಲ್ಲ ನಮ್ಮಲ್ಲಿ ಬರುತ್ತಿದ್ದ ಉತ್ತರ ಒಂದೇ: "ಯಾರೋ ಕದ್ದಿದ್ದಾರೆ, ಇನ್ನೆರಡು ಕ್ಯಾಮೆರಾ ಹಾಕಿಸಿ." ಹಾಕಿಸಿದೆವು. ದುಡ್ಡು ಹೋಯಿತು, ಕೊರತೆ ಇದ್ದಲ್ಲೇ ಇತ್ತು. ಆಮೇಲೆ ಇಡೀ ಅಂಗಡಿ ಮುಚ್ಚಿ ರಾತ್ರಿಯೆಲ್ಲ ಎಣಿಸಿದೆವು. ಎಷ್ಟು ಕೊರತೆ ಅಂತ ಗೊತ್ತಾಯಿತೇ ಹೊರತು ಯಾಕೆ ಅಂತ ಗೊತ್ತಾಗಲಿಲ್ಲ. ಓವರ್‌ಟೈಮ್ ದುಡ್ಡು ಬೇರೆ ದಂಡ.

ಕೊನೆಗೆ ಒಂದೇ ವಿಭಾಗ ಹಿಡಿದುಕೊಂಡೆ: ಸೋಪು, ಶಾಂಪೂ, ಶೇವಿಂಗ್ ಬ್ಲೇಡು, ಬ್ಯಾಟರಿ, ಎಲ್ಲ ಸೇರಿ ಐವತ್ತು ಅರವತ್ತು ಐಟಂ. ಒಂದು ತಿಂಗಳು ಸಿಸ್ಟಂನಲ್ಲಿ ಏನನ್ನೂ ತಿದ್ದಬಾರದು ಅಂತ ಕಟ್ಟುನಿಟ್ಟು ಮಾಡಿದೆ. ಮಾಲನ್ನು ಬಿಲ್‌ನಲ್ಲಿದ್ದ ಹಾಗೇ ಏರಿಸುವುದು, ನಿಜವಾಗಿ ಬಂದದ್ದನ್ನೂ ಒಡೆದದ್ದನ್ನೂ ಪ್ರತ್ಯೇಕ ನೋಟ್‌ಬುಕ್ಕಿನಲ್ಲಿ ಬರೆಯುವುದು. ದಿನದಿನವೂ ತಿದ್ದುತ್ತಾ ಹೋದರೆ ತಿಂಗಳ ಕೊನೆಗೆ ಬಿಡಿಸಲು ಗಂಟೇ ಇರುವುದಿಲ್ಲ. "ಇದೇನು, ಇನ್ನೊಂದು ಪುಸ್ತಕ?" ಅಂತ ನಕ್ಕವರೇ ಜಾಸ್ತಿ.

ತಿಂಗಳ ಕೊನೆಗೆ ಕಡಿಮೆ ಬಿದ್ದ ಐಟಂಗಳನ್ನಷ್ಟೇ ಕೂಡಿದರೆ ಸುಮಾರು 300 ಪೀಸು. ನಾನು ಮೊದಲು ನೋಡಿದ್ದು ಕೊರತೆಯನ್ನಲ್ಲ, ಹೆಚ್ಚುವರಿಯನ್ನು. ಗುಲಾಬಿ ಸುವಾಸನೆಯ ಸೋಪು ಕಡಿಮೆ, ಅದೇ ಕಂಪನಿಯ, ಅದೇ ಬೆಲೆಯ ನಿಂಬೆಯದು ಅಷ್ಟೇ ಹೆಚ್ಚು. ಗಿರಾಕಿ ಬೇರೆ ಬೇರೆ ಸುವಾಸನೆಯ ಆರು ಸೋಪು ತಂದರೆ ಕೌಂಟರಿನ ಹುಡುಗ ಒಂದನ್ನೇ ಸ್ಕ್ಯಾನ್ ಮಾಡಿ ಆರು ಅಂತ ಒತ್ತುತ್ತಾನೆ. ಹೀಗೆ ಹೊಂದಿದ್ದು 90 ಪೀಸು, ಉಳಿದದ್ದು 210. ಒಂದೇ ಕುಟುಂಬದ, ಒಂದೇ ಬೆಲೆಯ ಐಟಂಗಳ ನಡುವೆ ಮಾತ್ರ ಹೀಗೆ ಹೊಂದಿಸಬೇಕು. ಸೋಪಿನ ಹೆಚ್ಚುವರಿಯಲ್ಲಿ ಬ್ಲೇಡಿನ ಕೊರತೆ ಮುಚ್ಚಿದರೆ ನಿಮಗೆ ನೀವೇ ಟೋಪಿ ಹಾಕಿಕೊಂಡಂತೆ. ಅಂದಹಾಗೆ, ಸಿಸ್ಟಂ ಸ್ಟಾಕ್ ಮೈನಸ್ ತೋರಿಸಿದರೆ ಅದನ್ನು ಕಳ್ಳನ ತಲೆಗೆ ಕಟ್ಟಬೇಡಿ. ಕದ್ದ ಮಾಲು ಸಿಸ್ಟಂನಲ್ಲಿ ಇದ್ದೇ ಇರುತ್ತದೆ, ಸೊನ್ನೆಗಿಂತ ಕೆಳಗಿಳಿಯುವುದು ಲೆಕ್ಕದ ಎಡವಟ್ಟಿನಿಂದ ಮಾತ್ರ.

ಬ್ಯಾಟರಿಯದು ಸ್ವಾರಸ್ಯದ ಕಥೆ. ಕೊರತೆ ಪ್ರತಿ ಸಲವೂ ಸರಿಸಂಖ್ಯೆ, ಬಾಕ್ಸಿಗೆ ಎರಡರ ಲೆಕ್ಕ. ಸಪ್ಲೈಯರ್ ಕೈಚಳಕ ಅಂತಲೇ ಎಲ್ಲರೂ ಅಂದರು. ಬಿಲ್ ತೆಗೆದು ನೋಡಿದರೆ ಅವರು 12ರ ಬಾಕ್ಸನ್ನು 10ಕ್ಕೆ ಇಳಿಸಿ, 10ಕ್ಕೇ ದುಡ್ಡು ಹಾಕಿದ್ದರು. ಸಿಸ್ಟಂನಲ್ಲಿ ಐಟಂ ವಿವರ ಇಟ್ಟುಕೊಳ್ಳುವ ನಮ್ಮ ಐಟಂ ಮಾಸ್ಟರ್ ಪಟ್ಟಿ ಇನ್ನೂ 12ರಿಂದಲೇ ಗುಣಿಸುತ್ತಿತ್ತು. 35 ಬಾಕ್ಸಿಗೆ 70 ಪೀಸು, ಎಂದೂ ಬಾರದ ಮಾಲು. ಉಳಿದದ್ದು 140.

ನಿಜವಾದ ಸಪ್ಲೈಯರ್ ಕೊರತೆ ಹಿಡಿಯಲು ಮಾಲು ಇಳಿಸಿಕೊಳ್ಳುವವನಿಗೆ ಬಿಲ್ ತೋರಿಸುವುದನ್ನೇ ನಿಲ್ಲಿಸಿದೆ. ಬಿಲ್ ಕೈಯಲ್ಲಿದ್ದರೆ ಕಣ್ಣು ಎಣಿಸುವುದಿಲ್ಲ, ಟಿಕ್ ಹಾಕುತ್ತದೆ. ಎಣಿಸಿ ಚೀಟಿ ಕೊಟ್ಟ ಮೇಲೆ ನಾನೇ ತಾಳೆ ನೋಡುತ್ತಿದ್ದೆ. 40ರಷ್ಟು ಸಿಕ್ಕಿತು, ಹೆಚ್ಚಿನದು ಅಟ್ಟಿಯ ಕೆಳಸಾಲಿನ, ಮೊದಲೇ ತೆರೆದು ಮತ್ತೆ ಟೇಪ್ ಹಚ್ಚಿದ ಕಾರ್ಟನ್‌ಗಳಲ್ಲಿ. ಗಾಡಿ ಹೊರಡುವ ಮೊದಲೇ ಡ್ರೈವರ್ ಸಹಿ ಬಿದ್ದರೆ ಕ್ರೆಡಿಟ್ ನೋಟ್ ಬರುತ್ತದೆ, ಗಾಡಿ ಹೋದ ಮೇಲೆ ಬರೀ ವಾದ. ನಡುವೆ ಎಣಿಸುವ ಬದಲು ಕಾರ್ಟನ್ ತೂಗಿಯೂ ನೋಡಿದೆ. ಶಾಂಪೂ ಬಾಟಲಿಗೆ ಚೆನ್ನಾಗಿ ನಡೆಯಿತು. ಬ್ಲೇಡಿಗೆ ಕೈಕೊಟ್ಟಿತು: ರಟ್ಟು ತೇವ ಹೀರಿದರೆ ಒಂದೆರಡು ಪ್ಯಾಕೆಟ್ಟಿನ ತೂಕ ಅದರಲ್ಲೇ ಮುಳುಗಿಹೋಗುತ್ತದೆ.

ಒಡೆದ ಮಾಲು ಲೆಕ್ಕಕ್ಕೆ ಸಿಗದಿರಲು ಕಾರಣ ಹೆದರಿಕೆ. ಸಂಬಳದಲ್ಲಿ ಹಿಡಿಯುತ್ತಾರೆ ಅಂತ ಸೋರಿದ ಬಾಟಲಿಯನ್ನು ಹುಡುಗರು ಸದ್ದಿಲ್ಲದೆ ಕಸಕ್ಕೆ ಎಸೆಯುತ್ತಿದ್ದರು. ಗೋದಾಮಿನಲ್ಲಿ ಒಂದು ಡಬ್ಬ ಇಟ್ಟು, "ಇದಕ್ಕೆ ಹಾಕಿ, ಯಾರು ಅಂತ ಕೇಳಲ್ಲ" ಅಂದೆ. ಒಂದು ವಾರ ಯಾರೂ ನಂಬಲಿಲ್ಲ. ಆಮೇಲೆ ಬಿದ್ದದ್ದು 45 ಪೀಸು. ಡ್ಯಾಮೇಜ್ ಏಕಾಏಕಿ ಏರಿತಲ್ಲ ಅಂತ ಮಾಲೀಕರು ಗಾಬರಿಯಾದರು. ಏರಿದ್ದು ಡ್ಯಾಮೇಜ್ ಅಲ್ಲ ಸಾರ್, ಬರವಣಿಗೆ ಅಂದೆ.

ಹೀಗೆ ಎಲ್ಲ ಕಳೆದು ಕಳ್ಳತನಕ್ಕೆ ಉಳಿದದ್ದು 55 ಪೀಸು. ಸಂಖ್ಯೆಯಲ್ಲಿ ಐದನೇ ಒಂದು ಭಾಗವೂ ಇಲ್ಲ, ಆದರೆ ದುಡ್ಡಿನಲ್ಲಿ ನಿಜವಾದ ಪೆಟ್ಟು ಅಲ್ಲೇ, ಯಾಕೆಂದರೆ ಬಹುಪಾಲು ದುಬಾರಿ ಬ್ಲೇಡು. ಸೋಪಿನ ಅದಲುಬದಲಿನಲ್ಲಿ ನಷ್ಟವೇ ಇಲ್ಲ. ನಮ್ಮ ಕಣ್ಣಿಗೆ ಬೀಳದ ತಪ್ಪೂ ಈ 55ರೊಳಗೆ ಸೇರಿರಬಹುದು, ಹಾಗಾಗಿ ಇದನ್ನು ಹಿಡಿದುಕೊಂಡು ಯಾರ ಮೇಲೂ ಬೆರಳು ತೋರಿಸಲಿಲ್ಲ. ಬ್ಲೇಡನ್ನು ಮಾತ್ರ ಬಾಗಿಲು ತೆರೆಯುವಾಗ ಒಮ್ಮೆ, ಮುಚ್ಚುವಾಗ ಒಮ್ಮೆ ಎಣಿಸತೊಡಗಿದೆವು. ಹಗಲಿನ ಕೊರತೆ ಬೇರೆ, ರಾತ್ರಿಯದು ಬೇರೆ ಅಂತ ಬೇಗನೆ ಗೊತ್ತಾಯಿತು. ಯಾವ ದಿನ ಯಾವ ಐಟಂ ಎಣಿಸುವುದು ಅಂತ ಹೇಗೆ ಆರಿಸುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ, ನಮ್ಮ ಹುಡುಗರೂ ಓದುತ್ತಾರೆ. ಹೊಸ ಕ್ಯಾಮೆರಾದ ಕೊಟೇಶನ್ ಅಂತೂ ಮಾಲೀಕರು ವಾಪಸ್ ಕಳಿಸಿದರು.