ದಿನಾ ಒರೆಸುವುದನ್ನು ಬಿಟ್ಟ ಮೇಲೆ

ಶಿವಮೊಗ್ಗದ ವಿನೋಬನಗರದ ಕಡೆ ಒಂದು ಅಪಾರ್ಟ್‌ಮೆಂಟ್‌ನಲ್ಲಿ ತಿಂಗಳ ಲೆಕ್ಕಕ್ಕೆ ಗಾಡಿ ತೊಳೆಯಲು ಶುರು ಮಾಡಿದಾಗ ನನ್ನ ಹತ್ತಿರ ಇದ್ದದ್ದು ಎರಡು ಬಕೆಟ್, ಒಂದು ಡಬ್ಬ ಶಾಂಪೂ, ನಾಲ್ಕು ಹಳದಿ ಬಟ್ಟೆ. ಕಾರಿಗೆ ತಿಂಗಳಿಗೆ 500 ರೂಪಾಯಿ, ಬೈಕಿಗೆ 200. ದಿನಾ ಬೆಳಗ್ಗೆ ಒರೆಸುವುದು, ಭಾನುವಾರ ತೊಳೆಯುವುದು. ಎಲ್ಲ ಕಡೆ ಹೀಗೇ ಮಾಡುತ್ತಾರೆ ಅಂತ ನಾನೂ ಹೀಗೇ ಮಾಡಿದೆ.

ಎರಡನೇ ತಿಂಗಳ ಕೊನೆಯಲ್ಲಿ ಮೊದಲ ಮಹಡಿಯ ರಿಟೈರ್ಡ್ ಮೇಷ್ಟ್ರು ಕರೆದರು. ಅವರದು ಕಪ್ಪು ಕಾರು. "ಬಾ ಇಲ್ಲಿ ಮಾರಾಯ, ಇದೇನು ನೋಡು" ಅಂತ ಬಾನೆಟ್ ಮೇಲೆ ಮೊಬೈಲ್ ಟಾರ್ಚ್ ಬಿಟ್ಟರು. ಬೆಳಕಿನ ಸುತ್ತ ಜೇಡರ ಬಲೆ ಥರ ಗೆರೆಗಳು. ಟಾರ್ಚ್ ಸರಿಸಿದ ಕಡೆಗೆಲ್ಲ ಬಲೆಯೂ ಸರಿಯುತ್ತಿತ್ತು. ಬಿಳಿ ಕಾರುಗಳಲ್ಲೂ ಅದೇ ಆಗಿತ್ತು, ಕಾಣಿಸುತ್ತಿರಲಿಲ್ಲ ಅಷ್ಟೇ.

ಗೆರೆ ಹಾಕಿದ್ದು ನಾನೇ. ಮೇಷ್ಟ್ರು ವಾರಕ್ಕೆ ಎರಡು ಸಲ ತೀರ್ಥಹಳ್ಳಿ ಹತ್ತಿರದ ತೋಟಕ್ಕೆ ಹೋಗಿ ಬರುತ್ತಾರೆ. ನಮ್ಮ ಕೆಮ್ಮಣ್ಣಿನ ಧೂಳು ಬೆರಳಲ್ಲಿ ಉಜ್ಜಿದರೆ ಅರಿಸಿನದ ಪುಡಿಯಷ್ಟು ನುಣ್ಣಗೆ. ಆದರೆ ಅದರೊಳಗೆ ಕಣ್ಣಿಗೆ ಕಾಣದ ಮರಳು ಇರುತ್ತದೆ. ಅದರ ಮೇಲೆ ಒಣ ಬಟ್ಟೆ ಗುಂಡಗೆ ತಿರುಗಿಸಿದರೆ ಉಪ್ಪುಕಾಗದ ಹಾಕಿದ ಹಾಗೆ. ಬಣ್ಣದ ಮೇಲಿನ ಪಾರದರ್ಶಕ ಪದರ ನೋಟ್‌ಬುಕ್ ಹಾಳೆಯ ಸುಮಾರು ಅರ್ಧದಷ್ಟೇ ದಪ್ಪ. ಮಷೀನ್ ಪಾಲಿಶ್ ಮಾಡಿದರೆ ಗೆರೆ ಹೋಗುತ್ತದೆ, ಆದರೆ ಆ ಪದರವನ್ನೇ ಇನ್ನಷ್ಟು ಸವೆಸಿ ಹೋಗುವುದು ಅದು. ಮತ್ತೆ ಮತ್ತೆ ಮಾಡಲಾಗುವುದಿಲ್ಲ. ಮೇಷ್ಟ್ರ ಕಾರಿಗೆ ಒಂದು ಸಲ ಪಾಲಿಶ್ ಮಾಡಿಸಿದೆವು, ಅರ್ಧ ದುಡ್ಡು ನಾನೇ ಕೊಟ್ಟೆ. ಉಗುರಿಗೆ ತಾಗುವಷ್ಟು ಆಳದ ಎರಡು ಗೆರೆ ಇನ್ನೂ ಹಾಗೇ ಇವೆ.

ಅದಾದ ಮೇಲೆ ಒಣ ಧೂಳಿನ ಮೇಲೆ ಬಟ್ಟೆ ಇಟ್ಟಿಲ್ಲ. ಅಪಾರ್ಟ್‌ಮೆಂಟ್‌ನವರು ಪಾರ್ಕಿಂಗ್‌ನಲ್ಲಿ ಪೈಪ್ ಹಿಡಿಯಲು ಬಿಡುವುದಿಲ್ಲ, ನೀರು ಹರಿದು ಪಕ್ಕದವರ ಗಾಡಿ ಕೆಳಗೆ ನಿಲ್ಲುತ್ತದೆ. ಹಾಗಾಗಿ ತೊಳೆದು ಹರಿಸುವುದೇ ಬೇಡದ 'ರಿನ್ಸ್‌ಲೆಸ್ ವಾಶ್' ಅನ್ನುವ ದ್ರಾವಣಕ್ಕೆ ಬಂದೆ. ನಾನು ತರುವುದಕ್ಕೆ 10 ಲೀಟರ್ ನೀರಿಗೆ 40 ಮಿಲಿ ಸಾಕು. ಜಾಸ್ತಿ ಹಾಕಿದರೆ ಜಾಸ್ತಿ ಸ್ವಚ್ಛ ಆಗುವುದಿಲ್ಲ, ಗಾಜಿನ ಮೇಲೆ ಮಂಜು ಹಿಡಿದ ಹಾಗೆ ಪೊರೆ ಉಳಿಯುತ್ತದೆ. ಆ ಬಕೆಟ್‌ನದೇ ಸ್ವಲ್ಪ ನೀರು ಸ್ಪ್ರೇಯರ್‌ಗೆ ಹಾಕಿ ಮೊದಲು ಇಡೀ ಕಾರಿಗೆ ಹೊಡೆಯುತ್ತೇನೆ. ಎರಡು ನಿಮಿಷ ಬಿಡಬೇಕು. ಕೆಲಸದ ಮುಕ್ಕಾಲು ಪಾಲು ಈ ಎರಡು ನಿಮಿಷದಲ್ಲೇ ಆಗುತ್ತದೆ, ಧೂಳು ನೆನೆದು ಸಡಿಲವಾಗುತ್ತದೆ.

ಆಮೇಲೆ ಮೈಕ್ರೋಫೈಬರ್ ಬಟ್ಟೆ. ನಾಲ್ಕು ಮಡಿಕೆ ಮಾಡಿದರೆ ಎರಡೂ ಬದಿ ಸೇರಿ ಎಂಟು ಮುಖ ಸಿಗುತ್ತವೆ. ಒಂದು ಮುಖ ಒಂದು ಭಾಗಕ್ಕೆ, ಆಮೇಲೆ ಮಡಿಕೆ ತಿರುಗಿಸಬೇಕು. ಛಾವಣಿಯಿಂದ ಶುರು, ನೇರ ಗೆರೆಯಲ್ಲಿ, ಬಟ್ಟೆಯ ತೂಕ ಎಷ್ಟೋ ಅಷ್ಟೇ ಒತ್ತಡ. ಮೊದಲ ಮುಖವನ್ನು ಬೆಳಕಿಗೆ ಹಿಡಿದು ನೋಡುತ್ತೇನೆ. ಕೆಂಪು ಬಣ್ಣ ಮಾತ್ರ ಇದ್ದರೆ ಮುಂದುವರಿಸಬಹುದು. ಮಿನುಗುವ ಕಾಳು ಕಂಡರೆ ಇನ್ನೊಮ್ಮೆ ಸ್ಪ್ರೇ, ಇನ್ನೆರಡು ನಿಮಿಷ. ಬಾಗಿಲ ಕೆಳಗಿನ ಪಟ್ಟಿ, ಚಕ್ರ ಇವೆಲ್ಲ ಕೊನೆಗೆ, ಅದಕ್ಕೆ ಬೇರೆ ಬಣ್ಣದ ಬಟ್ಟೆ. ಚಕ್ರ ಒರೆಸಿದ್ದು ಯಾವತ್ತೂ ಬಾನೆಟ್‌ಗೆ ಹೋಗಬಾರದು, ಬ್ರೇಕಿನ ಪುಡಿ ಅದರಲ್ಲಿರುತ್ತದೆ. ನೆಲಕ್ಕೆ ಬಿದ್ದ ಬಟ್ಟೆ ಆ ದಿನಕ್ಕೆ ಮುಗಿಯಿತು. ಒಂದು ಕಾರಿಗೆ ಆರು ಬಟ್ಟೆ, ಹದಿನೈದು ನಿಮಿಷ.

ಇದು ಎಲ್ಲದಕ್ಕೂ ಆಗುವುದಿಲ್ಲ. ಮಳೆಗಾಲದಲ್ಲಿ ಮಡ್‌ಗಾರ್ಡ್ ಒಳಗೆ ಮುದ್ದೆ ಮುದ್ದೆ ಕೆಸರು ಕೂತು ಬಂದ ಗಾಡಿಗೆ ನಾನು ಕೈ ಹಾಕುವುದಿಲ್ಲ. "ದಾರಿಯಲ್ಲಿ ಎಲ್ಲಾದರೂ ಬರೀ ನೀರು ಹೊಡೆಸಿಕೊಂಡು ಬನ್ನಿ ಸರ್, ಶಾಂಪೂ, ಬಟ್ಟೆ ಏನೂ ಬೇಡ" ಅನ್ನುತ್ತೇನೆ. ಕೆಲವರಿಗೆ ಕೋಪ ಬರುತ್ತದೆ. ಬರಲಿ.

ಸ್ಪ್ರೇಯರ್ ವಿಷಯದಲ್ಲಿ ಒಂದು ದೊಡ್ಡ ಎಡವಟ್ಟು ಮಾಡಿಕೊಂಡೆ. ಹೊಸದು ಯಾಕೆ ಅಂತ ಮಾವನ ಮನೆಯಿಂದ ಹಳೆಯ ಬ್ಯಾಟರಿ ಪಂಪ್ ತಂದೆ, ಬೆನ್ನಿಗೆ ಹಾಕಿಕೊಳ್ಳುವ 16 ಲೀಟರಿನದ್ದು. ಅಡಿಕೆಗೆ ಕೊಳೆ ರೋಗದ ಔಷಧಿ, ಬೋರ್ಡೋ ದ್ರಾವಣ, ಹೊಡೆಯುತ್ತಿದ್ದ ಪಂಪ್. ಮೂರು ಸಲ ತೊಳೆದೆ, ನೀರು ತಿಳಿಯಾಗಿ ಬಂತು. ಒಂದು ಬೂದು ಬಣ್ಣದ ಕಾರಿಗೆ ಹೊಡೆದು, ಪಕ್ಕದ ಬೈಕ್ ಮುಗಿಸಿ ಬರುವಷ್ಟರಲ್ಲಿ ಕಾರು ಒಣಗಿತ್ತು. ಮೈಯೆಲ್ಲ ಬಿಳಿ ಚುಕ್ಕೆ. ಬೋರ್ಡೋ ದ್ರಾವಣ ಅಂದರೆ ಮೈಲುತುತ್ತ ಮತ್ತು ಸುಣ್ಣ ಅಲ್ವಾ, ಆ ಸುಣ್ಣ ತೊಟ್ಟಿಯ ಮೂಲೆಯಲ್ಲಿ, ನಳಿಕೆಯೊಳಗೆ ಗಟ್ಟಿಯಾಗಿ ಕೂತಿತ್ತು. ಎಷ್ಟು ಒರೆಸಿದರೂ ಒದ್ದೆ ಇದ್ದಾಗ ಮಾಯ, ಒಣಗಿದರೆ ಮತ್ತೆ ಹಾಜರ್. ಸುಣ್ಣದ ಕಲೆ ಅಂತ ಗೊತ್ತಾಗುವುದು ಹೀಗೆಯೇ. ಬೋರ್‌ವೆಲ್ ನೀರಿನ ಕಲೆಯೂ ಇದೇ ಥರ.

ಸುಣ್ಣಕ್ಕೆ ಹುಳಿ. ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ಬಟ್ಟೆ ಅದ್ದಿ ಕಲೆಯ ಮೇಲೆ ಒಂದು ನಿಮಿಷ ಸುಮ್ನೆ ಹೊದಿಸಿಟ್ಟೆ. ಉಜ್ಜಲಿಲ್ಲ. ತೆಗೆದು ಕೂಡಲೇ ಒಳ್ಳೆ ನೀರಿನಲ್ಲಿ ಒರೆಸಿದೆ. ಬಾನೆಟ್, ಬಾಗಿಲು ಅಂತ ಒಂದೊಂದೇ ಭಾಗ ಮಾಡಿ ಮುಗಿಸುವಾಗ ಹನ್ನೊಂದು ಗಂಟೆ. ಬಿಸಿಲಿಗೆ ಕಾದ ಗಾಡಿಗೆ ಇದನ್ನು ಮಾಡಬಾರದು, ಹುಳಿ ಅಲ್ಲೇ ಒಣಗಿ ಅದೇ ಇನ್ನೊಂದು ಕಲೆಯಾಗುತ್ತದೆ. ಮಾರನೇ ದಿನವೇ ಹೊಸ ಪಂಪ್ ತಂದೆ. ಬೈಕಿನ ವಿಷಯದಲ್ಲಿ ಎರಡೇ ಎಚ್ಚರ. ಪಂಪ್ ಹಿಡಿಯುವಾಗ ಇಂಜಿನ್ ತಣ್ಣಗಿರಬೇಕು. ಟೈರ್ ಪಾಲಿಶ್ ಬದಿಗೆ ಮಾತ್ರ, ನೆಲಕ್ಕೆ ತಾಗುವ ಭಾಗಕ್ಕೂ ಬ್ರೇಕ್ ಡಿಸ್ಕಿಗೂ ಒಂದು ಹನಿಯೂ ತಾಗಬಾರದು. ಜಾರಿದರೆ ಜೀವ ಹೋಗುತ್ತದೆ.

ಹೊಸ ಪದ್ಧತಿಯಲ್ಲಿ ದಿನಾ ಎಲ್ಲ ಗಾಡಿ ಮುಟ್ಟಲು ಆಗುವುದಿಲ್ಲ. ಇಪ್ಪತ್ತೆರಡು ಕಾರಿವೆ. ಹನ್ನೊಂದು ಸೋಮ, ಬುಧ, ಶುಕ್ರ. ಇನ್ನು ಹನ್ನೊಂದು ಮಂಗಳ, ಗುರು, ಶನಿ. ಬೆಳಗ್ಗೆ ಐದಕ್ಕೆ ಶುರು ಮಾಡಿದರೆ ಎಂಟರ ಒಳಗೆ ಮುಗಿಯುತ್ತದೆ. ದರ 600 ಮಾಡಿದೆ. "ದಿನ ಕಡಿಮೆ ಮಾಡಿ ದುಡ್ಡು ಜಾಸ್ತಿ ಮಾಡ್ತೀಯಲ್ಲೋ" ಅಂತ ಮೂವರು ಬಿಟ್ಟರು. ಉಳಿದವರಿಗೆ ಮೇಷ್ಟ್ರೇ ತಮ್ಮ ಬಾನೆಟ್ ತೋರಿಸಿ ಪಾಠ ಮಾಡಿದರು. ಆ ಮೂರು ಜಾಗಕ್ಕೆ ಪಕ್ಕದ ಬ್ಲಾಕ್‌ನವರು ಬಂದರು. ಹೊಸ ಗಾಡಿ ಹಿಡಿಯುವ ಮೊದಲು ಟಾರ್ಚ್ ಬಿಟ್ಟು, ಹಳೆಯ ಗೆರೆಗಳ ಫೋಟೋ ತೆಗೆದು ಅವರಿಗೇ ವಾಟ್ಸಾಪ್ ಮಾಡುತ್ತೇನೆ. ಆಮೇಲೆ ಮಾತು ಬೇಡ.

ನಿಜವಾದ ತಲೆನೋವು ಜೂನ್‌ನಿಂದ ಶುರು. ದಿನಕ್ಕೆ ಅರವತ್ತಾರು ಬಟ್ಟೆ ಒಗೆದು ಒಣಗಿಸಬೇಕು, ಹೊರಗೆ ಬಿಡದ ಮಳೆ. ಮೊದಲ ವರ್ಷ ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ ನೇತುಹಾಕಿದೆ, ನಮ್ಮಲ್ಲಿ ಎಲ್ಲ ಬಟ್ಟೆ ಒಣಗುವುದು ಅಲ್ಲೇ ತಾನೇ. ಬೇಗ ಒಣಗಿದವು. ಆದರೆ ಮುಟ್ಟಿದರೆ ಒರಟು, ನೀರು ಹೀರುವುದನ್ನೇ ಬಿಟ್ಟಿದ್ದವು. ಮೈಕ್ರೋಫೈಬರ್ ಅಂದರೆ ಸಿಂಥೆಟಿಕ್ ನೂಲು, ಬಿಸಿಗೆ ಅದರ ತುದಿಗಳು ಮುದುಡುತ್ತವೆ. ಮೇಲಿಂದ ಒಲೆಯ ಬೂದಿ ಬೇರೆ. ಇಪ್ಪತ್ತು ಬಟ್ಟೆ ಚಕ್ರ ಒರೆಸಲು ಹೋದವು. ಈಗ ಕಾರಿನ ಮೈ ಒರೆಸುವ ಬಟ್ಟೆ, ಚಕ್ರದ ಬಟ್ಟೆ ಬೇರೆ ಬೇರೆ ಒಗೆಯುತ್ತೇನೆ, ಕಂಫರ್ಟ್ ಹಾಕುವುದಿಲ್ಲ, ಹಾಕಿದರೂ ನೀರು ಹೀರುವುದು ನಿಲ್ಲುತ್ತದೆ. ವಾಶಿಂಗ್ ಮಷೀನಿನಲ್ಲಿ ಎರಡು ಸಲ ಹಿಂಡಿಸಿ, ನಡುಮನೆಯಲ್ಲಿ ಫ್ಯಾನ್ ಕೆಳಗೆ ಸಾಲಾಗಿ ಕಟ್ಟುತ್ತೇನೆ. ಮಳೆಗಾಲ ಮುಗಿಯುವವರೆಗೆ ನಮ್ಮ ಮನೆಯಲ್ಲಿ ಎಲ್ಲರೂ ತಲೆ ಬಗ್ಗಿಸಿಕೊಂಡೇ ಓಡಾಡುತ್ತಾರೆ.