ಮದುವೆ ಕಾರ್ಡ್ ಅಂತ ಬಂದ ಫೈಲ್ ಒತ್ತಿಬಿಟ್ಟಿರಾ? ಮೊದಲು ಡೇಟಾ ಆಫ್ ಮಾಡಿ

ನಾನು ಬಾಗಲಕೋಟೆ ಜಿಲ್ಲೆಯ ಒಂದು ಬ್ಯಾಂಕ್ ಶಾಖೆಯಲ್ಲಿ ಕೆಲಸ ಮಾಡುತ್ತೇನೆ. "ಸರ, ಮದುವಿ ಕಾರ್ಡ್ ಬಂದಿತ್ರಿ, ಒತ್ತೀನಿ, ಏನೂ ತೆರೀಲಿಲ್ಲ" ಅಂತ ಯಾರಾದರೂ ಕೌಂಟರಿಗೆ ಬಂದು ಹೇಳಿದರೆ ನಾನು ಮೊದಲು ಕೇಳುವುದು ಒಂದೇ: ಸಿಮ್ ಇನ್ನೂ ಅದೇ ಫೋನಿನಲ್ಲಿ ಇದೆಯಾ?

ವಾಟ್ಸಾಪಿನಲ್ಲಿ ಬರುವ ಫೈಲಿನ ಹೆಸರು `Wedding Invitation.apk` ಅಂತಲೋ, `RTO Challan.apk`, `PM Kisan.apk` ಅಂತಲೋ ಇರುತ್ತದೆ. ಕೊನೆಯ ಮೂರು ಅಕ್ಷರ ನೋಡಿ. ಮದುವೆ ಕಾರ್ಡ್ ಫೋಟೋ ಆಗಿ ಬರುತ್ತದೆ, ಪಿಡಿಎಫ್ ಆಗಿ ಬರುತ್ತದೆ, ವಿಡಿಯೋ ಆಗಿ ಬರುತ್ತದೆ. `.apk` ಅಂದರೆ ಅದು ಕಾರ್ಡ್ ಅಲ್ಲ, ಫೋನಿಗೆ ಹಾಕುವ ಆ್ಯಪ್. ಕಳಿಸಿದ್ದು ಗುರುತಿನವರ ನಂಬರಿನಿಂದಲೇ ಅಲ್ವಾ ಅಂತ ನಂಬಬೇಡಿ. ಅವರ ಫೋನಿಗೆ ಅದೇ ಆ್ಯಪ್ ಹೊಕ್ಕಿದ್ದರೆ ಅವರಿಗೆ ಗೊತ್ತಿಲ್ಲದಂತೆ ಎಲ್ಲ ಗ್ರೂಪಿಗೂ ಹೋಗುತ್ತದೆ.

ಜಮಖಂಡಿ ಕಡೆಯ ಒಬ್ಬ ರೈತರ ಉದಾಹರಣೆ ತೊಗೊಳ್ಳಿ. ಕಬ್ಬಿನ ಬಿಲ್ ಆಗಷ್ಟೇ ಖಾತೆಗೆ ಜಮಾ ಆಗಿದೆ. ಸಂಜೆ ಅಳಿಯನ ನಂಬರಿನಿಂದ ಕಾರ್ಡ್ ಬರುತ್ತದೆ. ಒತ್ತಿದಾಗ ಫೋನ್ ಎಚ್ಚರಿಕೆ ಕೊಡುತ್ತದೆ, ಅವರು ಅನುಮತಿ ಕೊಡುತ್ತಾರೆ. ಆಮೇಲೆ ಎಸ್ಎಂಎಸ್ ಓದಲು ಬಿಡಲಾ ಅಂತ ಕೇಳುತ್ತದೆ, ಅದಕ್ಕೂ ಹೂಂ ಅನ್ನುತ್ತಾರೆ. ಕಳವಿಗೆ ದಾರಿ ತೆರೆಯುವುದು ಈ ಒತ್ತೇ. ನಂತರ ಒಂದು ಪುಟ ತೆರೆದು ಎಟಿಎಂ ಕಾರ್ಡಿನ ನಂಬರು, ಪಿನ್ ಕೇಳುತ್ತದೆ. ತುಂಬಿದ ಮೇಲೆ ಆ್ಯಪಿನ ಗುರುತೇ ಪರದೆಯಿಂದ ಮಾಯ. ಅತ್ತ ಎಲ್ಲೋ ಕೂತವನು ಆ ವಿವರದಿಂದ ನೆಟ್ ಬ್ಯಾಂಕಿಂಗ್ ಪಾಸ್‌ವರ್ಡ್ ಹೊಸದಾಗಿ ಮಾಡಿಕೊಳ್ಳುತ್ತಾನೆ. ಒಟಿಪಿ ಬರುವುದು ರೈತರ ಫೋನಿಗೇ, ಆದರೆ ಆ್ಯಪ್ ಅದನ್ನು ಓದಿ ಅವನಿಗೆ ದಾಟಿಸುತ್ತದೆ. ರಾತ್ರಿ 50,000, ಮತ್ತೆ 40,000 ಹೋಗುತ್ತದೆ. "ನಾ ಯಾರಿಗೂ ಒಟಿಪಿ ಹೇಳಿಲ್ಲರಿ" ಅಂತ ಅವರು ಹೇಳುವುದು ಪೂರ್ತಿ ನಿಜ.

ಈಗ ಏನು ಮಾಡಬೇಕು? ಹಣ ಹೋಗಿರಲಿ, ಹೋಗದೇ ಇರಲಿ, ಮೊದಲು ಮೊಬೈಲ್ ಡೇಟಾ ಮತ್ತು ವೈಫೈ ಎರಡೂ ಆಫ್ ಮಾಡಿ. ಫೋನ್ ಸ್ವಿಚ್ ಆಫ್ ಮಾಡಿ ಸಿಮ್ ತೆಗೆದು ಮನೆಯಲ್ಲಿರುವ ಕೀಪ್ಯಾಡ್ ಫೋನಿಗೆ ಹಾಕಿ. ಆಗ ಒಟಿಪಿ ಆ ಆ್ಯಪಿನ ಕಣ್ಣಿಗೆ ಬೀಳುವುದಿಲ್ಲ, ಅದೇ ನಂಬರಿನಿಂದ ನೀವು ಮಾತಾಡಲೂ ಬರುತ್ತದೆ. ಕೆಟ್ಟ ಫೋನಿನಲ್ಲೇ ಕೂತು ಪಾಸ್‌ವರ್ಡ್ ಬದಲಿಸಬೇಡಿ, ಹೊಸ ಪಾಸ್‌ವರ್ಡ್ ಕೂಡ ಅವನ ಕೈಗೇ ಹೋಗಬಹುದು.

ಹಣ ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಖಾತೆ ನಂಬರು, ಹೋದ ಮೊತ್ತ, ಸಮಯ, ಮತ್ತು ಎಸ್ಎಂಎಸ್ ಅಥವಾ ಸ್ಟೇಟ್‌ಮೆಂಟಿನಲ್ಲಿರುವ 12 ಅಂಕಿಯ ರೆಫರೆನ್ಸ್ ನಂಬರು ಕೇಳುತ್ತಾರೆ. ಎಲ್ಲ ಸಿಗಲಿ ಅಂತ ಕಾಯಬೇಡಿ, ಇದ್ದಷ್ಟು ಹೇಳಿ. ಅಲ್ಲಿ ದಾಖಲಾದ ಕೂಡಲೇ ಹಣ ಹೋಗಿ ಸೇರಿದ ಬ್ಯಾಂಕಿಗೆ ಸೂಚನೆ ಹೋಗುತ್ತದೆ, ಆ ಖಾತೆಯಲ್ಲಿ ಉಳಿದದ್ದನ್ನು ತಡೆಹಿಡಿಯುತ್ತಾರೆ. ಕಳ್ಳರು ಹಣವನ್ನು ಒಂದೇ ಖಾತೆಯಲ್ಲಿ ಇಡುವುದಿಲ್ಲ, ಒಂದರಿಂದ ಇನ್ನೊಂದಕ್ಕೆ ಹಾಕಿ ಎಟಿಎಂನಲ್ಲಿ ತೆಗೆದುಬಿಡುತ್ತಾರೆ, ಹಾಗೆ ತೆಗೆದ ಮೇಲೆ ತಡೆಯಲು ಏನೂ ಉಳಿಯುವುದಿಲ್ಲ. ಬೆಳಗ್ಗೆ ಶಾಖೆ ತೆರೆಯಲಿ ಅಂತ ಕೂತವರ ಹಣ ಹೀಗೇ ಕೈತಪ್ಪುತ್ತದೆ, ನನಗೆ ಜಾಸ್ತಿ ಸಂಕಟ ಆಗುವುದು ಅದಕ್ಕೇ.

ಇದರ ಜೊತೆಗೇ ಬ್ಯಾಂಕಿಗೂ ಫೋನ್ ಮಾಡಿ. ನಂಬರು ಎಟಿಎಂ ಕಾರ್ಡಿನ ಹಿಂದೆ ಇರುತ್ತದೆ. ಗೂಗಲ್‌ನಲ್ಲಿ ಹುಡುಕಬೇಡಿ, ಅಲ್ಲಿ ಸಿಗುವ ಕಸ್ಟಮರ್ ಕೇರ್ ನಂಬರುಗಳಲ್ಲಿ ಕಳ್ಳರದ್ದೂ ಇರುತ್ತವೆ. ಕಾರ್ಡ್, ಯುಪಿಐ, ನೆಟ್ ಬ್ಯಾಂಕಿಂಗ್ ಮೂರನ್ನೂ ಬಂದ್ ಮಾಡಿಸಿ, ದೂರಿನ ನಂಬರು ಬರೆದಿಟ್ಟುಕೊಳ್ಳಿ. ಆ ನಂಬರಿಗೆ ಬೆಲೆ ಇದೆ: ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ಪ್ರಕಾರ, ಗ್ರಾಹಕರ ಕಡೆಯಿಂದ ತಪ್ಪಾಗಿದ್ದರೂ ಬ್ಯಾಂಕಿಗೆ ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದು. ತಿಳಿಸುವ ಮೊದಲು ಹೋದದ್ದನ್ನು ಮಾತ್ರ ನೀವೇ ಹೊರಬೇಕಾಗಬಹುದು.

ಆಮೇಲೆ `cybercrime.gov.in`ನಲ್ಲಿ ದೂರು ಪೂರ್ತಿ ಮಾಡಿ, ಅಥವಾ ಸೈಬರ್ ಅಪರಾಧ ನೋಡುವ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಗೆ ಹೋಗಿ. ವಾಟ್ಸಾಪ್ ಸಂದೇಶ ಅಳಿಸುವ ಮೊದಲು ಕಳಿಸಿದ ನಂಬರು ಮತ್ತು ಫೈಲಿನ ಹೆಸರು ಕಾಣುವಂತೆ ಬೇರೆ ಫೋನಿನಿಂದ ಫೋಟೋ ತೆಗೆದಿಡಿ. ತಡೆದ ಹಣ ವಾಪಸ್ ಬರಲು ಕೋರ್ಟ್ ಆದೇಶ ಬೇಕಾಗಬಹುದು, ಸ್ವಲ್ಪ ತಡ ಆಗುತ್ತದೆ.

ಪೊಲೀಸರಿಗೆ ತೋರಿಸಿದ ಮೇಲೆ ಫೋನನ್ನು ಫ್ಯಾಕ್ಟರಿ ರೀಸೆಟ್ ಮಾಡಿ. ಗುರುತು ಕಾಣದಿದ್ದರೂ ಆ್ಯಪ್ ಒಳಗೆ ಇರುತ್ತದೆ, ಸುಮ್ನೆ ಫೈಲ್ ಅಳಿಸಿದರೆ ಹೋಗುವುದಿಲ್ಲ. ನಿಮಗೆ ಬರುವ ಕರೆಯನ್ನು ಬೇರೆ ನಂಬರಿಗೆ ಕಳಿಸುವ ಕಾಲ್ ಫಾರ್ವರ್ಡಿಂಗ್ ಆನ್ ಆಗಿದೆಯಾ ಅಂತ ಸಿಮ್ ಕಂಪನಿಗೆ ಫೋನ್ ಮಾಡಿ ಕೇಳಿ, ಸಿಮ್ ಬೇರೆ ಫೋನಿಗೆ ಹಾಕಿದರೂ ಅದು ಹಾಗೇ ಇರುತ್ತದೆ. ಫೈಲ್ ಕಳಿಸಿದವರಿಗೂ, ನಿಮ್ಮ ಗ್ರೂಪುಗಳಿಗೂ ಬೇರೆ ಫೋನಿನಿಂದ ಅವತ್ತೇ ತಿಳಿಸಿ, ನಿಮ್ಮ ಹೆಸರಿನಲ್ಲೂ ಅದೇ ಫೈಲ್ ಹೋಗಿರಬಹುದು.